ನಾಲ್ಕು ಬುಲೆಟ್‌ನ ಸ್ಲೈಡಿಗೆ ಮೂರೇ ದೃಶ್ಯ: ಸ್ಟೋರಿಬೋರ್ಡ್ ಬರೆಯುವ ನನ್ನ ಕ್ರಮ

ವಿಡಿಯೊ ಮಾಡಲೆಂದು ಸ್ಲೈಡ್ ಡೆಕ್ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಸ್ಪೀಕರ್ ನೋಟ್ಸ್. ಸ್ಲೈಡಿನ ಮೇಲಿರುವುದು ಬರೀ ತಲೆಬರಹ, ಮಾತೆಲ್ಲ ಅಲ್ಲಿರುತ್ತದೆ. ನೋಟ್ಸ್ ಖಾಲಿಯಿದ್ದರೆ ಡೆಕ್ ಮಾಡಿದವರಿಂದಲೇ ಪ್ರತಿ ಸ್ಲೈಡನ್ನೂ ಬಾಯಲ್ಲಿ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಬುಲೆಟ್‌ಗಳನ್ನೇ ಪೋಣಿಸಿ ವಾಯ್ಸ್‌ಓವರ್ ಬರೆದರೆ ಯಾರೋ ಪಟ್ಟಿ ಓದುತ್ತಿರುವಂತೆ ಕೇಳಿಸುತ್ತದೆ.

ಬರೆಯುವ ಕ್ರಮ ಹೀಗೆ: ಮೊದಲು ವಾಯ್ಸ್‌ಓವರ್, ಆಮೇಲೆ ದೃಶ್ಯ ವಿವರ, ತೆರೆಯ ಮೇಲಿನ ಪಠ್ಯ ಕೊನೆಗೆ. ಪಠ್ಯದಿಂದ ಶುರು ಮಾಡಿದರೆ ಬುಲೆಟ್‌ಗಳು ಹಾಗೇ ವಿಡಿಯೊಗೆ ಬಂದು ಕೂರುತ್ತವೆ.

ಅಗ್ನಿಶಾಮಕ ಸಿಲಿಂಡರ್ ಬಳಕೆಯ ಸ್ಲೈಡ್ ತೆಗೆದುಕೊಳ್ಳಿ. ಬುಲೆಟ್ ನಾಲ್ಕು: ಪಿನ್ ಎಳೆಯಿರಿ, ಗುರಿಯಿಡಿ, ಹಿಡಿ ಒತ್ತಿರಿ, ಅತ್ತಿತ್ತ ಆಡಿಸಿ. ದೃಶ್ಯ ಮಾತ್ರ ಮೂರು. ಹಿಡಿ ಒತ್ತುವುದು, ನಳಿಕೆ ಆಡಿಸುವುದು ಎರಡೂ ಒಂದೇ ಓಟದ ಕೆಲಸ, ನಡುವೆ ಕತ್ತರಿಸಿದರೆ ಒತ್ತಿ ಬಿಟ್ಟಂತೆ ಕಾಣುತ್ತದೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಗುರಿಗೆ, ಜನ ತಪ್ಪುವುದು ಅಲ್ಲೇ.

ದೃಶ್ಯ 2, 7 ಸೆಕೆಂಡ್
ದೃಶ್ಯ ವಿವರ: ಕ್ಲೋಸಪ್. ನಳಿಕೆ ಹಿಡಿದ ಕೈ ಜ್ವಾಲೆಯ ಎತ್ತರದಿಂದ ಕೆಳಗಿಳಿದು ಬುಡದತ್ತ ನಿಲ್ಲುತ್ತದೆ.
ಪಠ್ಯ: ಬುಡಕ್ಕೆ ಗುರಿಯಿಡಿ
ವಾಯ್ಸ್‌ಓವರ್: ನಳಿಕೆಯನ್ನು ಜ್ವಾಲೆಯ ತುದಿಗಲ್ಲ, / ಬುಡಕ್ಕೆ ಹಿಡಿಯಿರಿ. ಉರಿಯುವ ವಸ್ತು ಇರುವುದು ಅಲ್ಲಿ.

ವಿವರದಲ್ಲಿ ಕ್ಯಾಮೆರಾ ಕಾಣುವುದಷ್ಟೇ ಇರಬೇಕು. ‘ಸುರಕ್ಷತೆಯ ಅರಿವು ಮೂಡಿಸುವ ದೃಶ್ಯ’ ಎಂದು ಬರೆದುಕೊಟ್ಟರೆ ಅನಿಮೇಟರ್ ಹೆಲ್ಮೆಟ್ ಹಾಕಿ ನಗುವ ಮನುಷ್ಯನನ್ನು ತಂದಿಡುತ್ತಾರೆ, ಅದು ಅವರ ತಪ್ಪಲ್ಲ. ವಾಯ್ಸ್‌ಓವರ್ ನಡುವಿನ ಓರೆಗೆರೆ ಪಠ್ಯ ಮೂಡಬೇಕಾದ ಜಾಗ. ಮಾತಿಗಿಂತ ಮೊದಲೇ ಮೂಡಿದರೆ ನೋಡುಗರು ಓದಿ ಮುಗಿಸಿ ಕಿವಿ ಬೇರೆಡೆಗೆ ಕೊಡುತ್ತಾರೆ. ಪದವೂ ಅದೇ ಇರಲಿ: ದನಿ ‘ಬುಡ’ ಎನ್ನುವಾಗ ತೆರೆ ‘ಮೂಲ’ ಎಂದರೆ ಓದುವುದೋ ಕೇಳುವುದೋ ಎಂದು ಗಮನ ಒಡೆಯುತ್ತದೆ. ಸಬ್‌ಟೈಟಲ್ ಬರುವುದಿದ್ದರೆ ಪಠ್ಯವನ್ನು ತೆರೆಯ ಕೆಳಭಾಗದಲ್ಲಿ ಇಡಬೇಡಿ.

ಸೆಕೆಂಡನ್ನು ಪದ ಎಣಿಸಿ ಹಾಕುವುದಿಲ್ಲ. ಸ್ಟಾಪ್‌ವಾಚ್ ಇಟ್ಟು ಗಟ್ಟಿಯಾಗಿ ಓದಿ, ಒಂದು ಸೆಕೆಂಡ್ ಉಸಿರಿಗೆ ಸೇರಿಸುತ್ತೇನೆ. ಕನ್ನಡದಲ್ಲಿ ಪದದ ಉದ್ದ ಒಂದರಂತೆ ಒಂದಿಲ್ಲ. ಅಂಕಿಗಳಂತೂ ಇನ್ನೂ ಮೋಸ: 37.5% ಕಾಗದದಲ್ಲಿ ಚಿಕ್ಕದು, ಬಾಯಲ್ಲಿ ‘ಶೇಕಡಾ ಮೂವತ್ತೇಳೂವರೆ’. ಹಾಗಾಗಿ ವಾಯ್ಸ್‌ಓವರ್ ಅಂಕಣದಲ್ಲಿ ಅಂಕಿಯನ್ನು ಅಕ್ಷರದಲ್ಲೇ ಬರೆಯುತ್ತೇನೆ, ಇಲ್ಲವಾದರೆ ದನಿ ಕೊಡುವವರು ತಮಗೆ ತೋಚಿದಂತೆ ಓದುತ್ತಾರೆ.

ಕೊನೆಗೆ ‘ಈ ಸ್ಲೈಡಿನಲ್ಲಿ’, ‘ಮೇಲೆ ತೋರಿಸಿದಂತೆ’ ಎಂಬಂಥ ಮಾತು ಉಳಿದಿದೆಯೇ ಎಂದು ಹುಡುಕಿ ತೆಗೆಯಬೇಕು. ಆಮೇಲೆ ಡೆಕ್ ನೋಡದ ಒಬ್ಬರಿಗೆ ವಾಯ್ಸ್‌ಓವರ್ ಅಂಕಣವನ್ನಷ್ಟೇ ಓದಿ ಹೇಳಿ. ‘ಅದು ಅಂದರೆ ಯಾವುದು?’ ಎಂದು ಅವರು ಕೇಳಿದ ಸಾಲಿನಲ್ಲಿ ಸ್ಲೈಡಿನ ಚಿತ್ರವನ್ನು ನಂಬಿಕೊಂಡ ಪದವೊಂದು ಉಳಿದಿರುತ್ತದೆ. ಆ ಜಾಗದಲ್ಲಿ ವಸ್ತುವಿನ ಹೆಸರನ್ನೇ ಹಾಕಿ.