412 ಸೀರೆಗಳನ್ನು ಆನ್‌ಲೈನ್ ಅಂಗಡಿಗೆ ಏರಿಸಿದ್ದು ಹೀಗೆ

ಬೆಟಗೇರಿಯ ಒಂದು ಸೀರೆ ಅಂಗಡಿಯ ಸರಕನ್ನು ವರ್ಡ್‌ಪ್ರೆಸ್‌ನ ವೂಕಾಮರ್ಸ್‌ನಲ್ಲಿ ಮಾಡಿದ ಆನ್‌ಲೈನ್ ಅಂಗಡಿಗೆ ಏರಿಸುವ ಕೆಲಸ ನನಗೆ ಬಂದಿತ್ತು. ಅಂಗಡಿಯ ಕಾಕಾ ಎರಡು ವಸ್ತು ಕೊಟ್ಟರು: ಒಂದು ಎಕ್ಸೆಲ್ ಕಡತ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋಗಳಿದ್ದ ಒಂದು ಪೆನ್ ಡ್ರೈವ್. "ಎಲ್ಲಾ ಬರೆದು ಇಟ್ಟೇನೆ ತಂಗಿ, ನೀನು ಏರಿಸುವುದಷ್ಟೇ" ಎಂದರು.

ಕಡತ ತೆರೆದರೆ ಹೆಸರಿನ ಕಾಲಂನಲ್ಲಿ `¹ÃgÉ` ಎಂಬಂಥ ಅಕ್ಷರಗಳು. ಹಾಳಾದ ಕಡತವೇನಲ್ಲ, ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಾಕಿದ ಕೂಡಲೇ "ಸೀರೆ" ಎಂದು ಕಾಣುತ್ತದೆ. ಆದರೆ ಒಳಗಿರುವುದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಚಿಹ್ನೆಗಳು. ಅಂಗಡಿಗೆ ಏರಿಸುವುದು ಸಿಎಸ್‌ವಿ ಕಡತವನ್ನು, ಅದರಲ್ಲಿ ಫಾಂಟ್ ಉಳಿಯುವುದಿಲ್ಲವಾದ್ದರಿಂದ ಗಿರಾಕಿಗೆ ಆ ಚಿಹ್ನೆಗಳೇ ಕಾಣುತ್ತವೆ. ಮೊದಲು ಕಾಲಂ ಕಾಲಂ ಆಗಿ ಯೂನಿಕೋಡ್‌ಗೆ ಪರಿವರ್ತಿಸಿದೆ. ಬೆಲೆಯ ಕಾಲಂ ಮುಟ್ಟಲಿಲ್ಲ. ಉಳಿಸುವಾಗ `CSV UTF-8 (Comma delimited)` ಎಂಬುದನ್ನೇ ಆರಿಸಬೇಕು. ಬರೀ `CSV` ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.

ಇದು ಅರ್ಧ ದಿನದ ಕೆಲಸ. ನಿಜವಾದ ತಲೆನೋವು ವರ್ಗಗಳದ್ದು. ಕಾಕಾ ಬರೆದ ಕಾಲಂನಲ್ಲಿ 61 ಬಗೆಯ ವರ್ಗಗಳಿದ್ದವು. "ಇಳಕಲ್", "ಇಲಕಲ್", "ಇಳಕಲ್ ಸೀರೆ", "ಇಳಕಲ್ ಹಸಿರು", "ಇಳಕಲ್ ಚಿಕ್ಕಿ ಪರಾಸ", "ಮದುವೆಗೆ". ನೂಲು, ಅಂಚು, ಬಣ್ಣ, ಸಂದರ್ಭ ಎಲ್ಲವೂ ಒಂದೇ ಕಾಲಂನಲ್ಲಿ ಕಲಸಿಹೋಗಿದ್ದವು. ವೂಕಾಮರ್ಸ್ ಇದನ್ನು ತಡೆಯುವುದಿಲ್ಲ. ಕಂಡರಿಯದ ಹೆಸರು ಬಂದರೆ ಸುಮ್ಮನೆ ಹೊಸ ವರ್ಗ ಹುಟ್ಟಿಸುತ್ತದೆ. ಒಂದು ಅಕ್ಷರ ತಪ್ಪಿದರೂ ಅದೇ ಸೀರೆಗೆ ಇನ್ನೊಂದು ವರ್ಗ ತಯಾರು.

ಕಾಕಾನ ಎದುರು ಕುಳಿತು ಒಂದು ಪ್ರಶ್ನೆ ಕೇಳಿದೆ: "ಗಿರಾಕಿ ಬಂದರೆ ನೀವು ಮೊದಲು ಯಾವ ಕಪಾಟಿನ ಕಡೆ ಹೋಗುತ್ತೀರಿ?" ಅವರು ನೂಲು ಹಿಡಿದು ಹೇಳಿದರು: ಹತ್ತಿ, ರೇಷ್ಮೆ, ಎರಡರ ಮಿಶ್ರ. ಅಂಚೂ ಬಣ್ಣವೂ ಕಪಾಟು ತೆರೆದ ಮೇಲಿನ ಮಾತು. ಹಾಗಾದರೆ ಕಪಾಟು ಎಂದರೆ ವರ್ಗ, ಉಳಿದದ್ದು ಗುಣ. ಅಂಚನ್ನು `Attribute 1 name`, `Attribute 1 value(s)` ಕಾಲಂಗಳಿಗೆ, ಬಣ್ಣವನ್ನು `Attribute 2 name`, `Attribute 2 value(s)` ಕಾಲಂಗಳಿಗೆ ಸರಿಸಿದೆ. 61 ಇದ್ದದ್ದು 9 ಆಯಿತು. "ಮದುವೆಗೆ" ಎಂಬುದನ್ನು ಬಿಡಲು ಮಾತ್ರ ಕಾಕಾ ಸುಲಭವಾಗಿ ಒಪ್ಪಲಿಲ್ಲ. ಅದನ್ನು ಟ್ಯಾಗ್ ಮಾಡಿ ಸಮಾಧಾನಪಡಿಸಿದೆ.

ಆ ಒಂಬತ್ತನ್ನು ಸಿಎಸ್‌ವಿ ಏರಿಸುವ ಮೊದಲೇ ಅಂಗಡಿಯಲ್ಲಿ ಕೈಯಿಂದ ಮಾಡಿದೆ. ಕಾರಣವಿದೆ. ವರ್ಗದ ಹೆಸರು ಕನ್ನಡದಲ್ಲಿದ್ದರೆ ಅದರ ಕೊಂಡಿಯೂ ಕನ್ನಡದಲ್ಲೇ ತಯಾರಾಗುತ್ತದೆ, ಅದನ್ನು ನಕಲಿಸಿ ಯಾರಿಗಾದರೂ ಕಳುಹಿಸಿದರೆ `%E0%B2` ಎಂದು ಮಾರುದ್ದ ಸಾಲಾಗುತ್ತದೆ. ಕೈಯಿಂದ ಮಾಡಿದರೆ ಹೆಸರು "ಹತ್ತಿ ಸೀರೆ" ಎಂದಿದ್ದರೂ `Slug` ಜಾಗದಲ್ಲಿ `hatti-seere` ಎಂದು ಕೊಡಬಹುದು. ಸಿಎಸ್‌ವಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಎಕ್ಸೆಲ್‌ನಲ್ಲಿ ವರ್ಗದ ಕಾಲಂಗೆ ಆ ಒಂಬತ್ತರ ಆಯ್ಕೆಪಟ್ಟಿ ಹಾಕಿದೆ, ಟೈಪ್ ಮಾಡುವ ಪ್ರಶ್ನೆಯೇ ಇಲ್ಲ.

ಇಷ್ಟಾದರೂ ಒಂದು ಕಡೆ ಎಡವಿದೆ. ಒಂದು ವರ್ಗಕ್ಕೆ "ಸೀರೆ > ಹತ್ತಿ, ರೇಷ್ಮೆ ಮಿಶ್ರ" ಎಂದು ಹೆಸರಿಟ್ಟಿದ್ದೆ. ಈ ಕಾಲಂನಲ್ಲಿ `>` ಎಂದರೆ ಒಳವರ್ಗ, ಅಲ್ಪವಿರಾಮ ಎಂದರೆ ಇನ್ನೊಂದು ವರ್ಗ. ಪ್ರಯೋಗಕ್ಕೆ ಏರಿಸಿದಾಗ ಆ ಸೀರೆಗಳು "ಸೀರೆ" ಅಡಿಯ "ಹತ್ತಿ"ಗೂ ಹೊರಗಡೆ ಹೊಸದಾಗಿ ಹುಟ್ಟಿದ "ರೇಷ್ಮೆ ಮಿಶ್ರ"ಕ್ಕೂ ಹೋಗಿ ಕುಳಿತವು. ಹೆಸರನ್ನು "ಹತ್ತಿ-ರೇಷ್ಮೆ" ಎಂದು ಬದಲಿಸಿದೆ. ಮರು ಏರಿಸಿದಾಗ ಸೀರೆಗಳು ಸರಿಯಾದವು, ಆದರೆ ಹುಟ್ಟಿದ ಖಾಲಿ ವರ್ಗಗಳು ತಾವಾಗಿ ಹೋಗುವುದಿಲ್ಲ. ಹೋಗಿ ಅಳಿಸಬೇಕು.

ಇನ್ನು ಫೋಟೋ. ಪೆನ್ ಡ್ರೈವ್‌ನಲ್ಲಿದ್ದವನ್ನು ಬಳಸುವ ಆಸೆಯನ್ನೇ ಬಿಟ್ಟೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಹೆಸರು ಬದಲಿಸುತ್ತದೆ. ಯಾವ ಫೋಟೋ ಯಾವ ಸೀರೆಯದು ಎಂದು ಕಾಕಾಗೂ ಹೇಳಲಾಗಲಿಲ್ಲ. ಹೊಸದಾಗಿ ತೆಗೆದೆವು. ಪ್ರತಿ ಸೀರೆಗೆ ಮೂರು ಫೋಟೋ: ಮೊದಲು ಸಂಖ್ಯೆಯ ಚೀಟಿ ಇಟ್ಟು ಒಂದು, ಚೀಟಿ ತೆಗೆದು ಒಡಲು ಮತ್ತು ಅಂಚು ಕಾಣುವಂತೆ ಒಂದು, ಸೆರಗು ಹರವಿ ಒಂದು. ಕ್ಯಾಮೆರಾದ ಕಡತಗಳ ಹೆಸರಿನಲ್ಲಿ ದಿನಾಂಕ, ಸಮಯ ಇರುವುದರಿಂದ ಹೆಸರಿನ ಕ್ರಮವೇ ತೆಗೆದ ಕ್ರಮ. ಆ ಪಟ್ಟಿಯನ್ನು `dir /b /on *.jpg > list.txt` ಎಂದು ಪಡೆದು ಎಕ್ಸೆಲ್‌ನ `A` ಕಾಲಂಗೆ ಎರಡನೆಯ ಸಾಲಿನಿಂದ ಅಂಟಿಸಿದೆ. `B` ಕಾಲಂನಲ್ಲಿ ಹೊಸ ಹೆಸರು, `C` ಕಾಲಂನಲ್ಲಿ ಹೆಸರು ಬದಲಿಸುವ ಆದೇಶ:

```
="bg-"&TEXT(INT((ROW()-2)/3)+1,"0000")&MID("xab",MOD(ROW()-2,3)+1,1)&".jpg"
="ren "&A2&" "&B2
```

ಚೀಟಿಯ ಫೋಟೋ `bg-0001x.jpg`, ಒಡಲು `bg-0001a.jpg`, ಸೆರಗು `bg-0001b.jpg`. ಸೀರೆಯ `SKU` ಕೂಡ `bg-0001`. ಮುಂದೆ ಅಕ್ಷರ ಇಟ್ಟದ್ದು ಬೇಕೆಂದೇ. ಬರೀ 0001 ಎಂದರೆ ಎಕ್ಸೆಲ್ ಸೊನ್ನೆಗಳನ್ನು ನುಂಗುತ್ತದೆ. ಕೊನೆಗೆ -1, -2 ಎನ್ನದೆ a, b ಎಂದದ್ದಕ್ಕೂ ಕಾರಣವಿದೆ: ಒಂದೇ ಹೆಸರಿನ ಚಿತ್ರವನ್ನು ಎರಡು ಸಲ ಏರಿಸಿದರೆ ವರ್ಡ್‌ಪ್ರೆಸ್ ತಾನೇ -1 ಸೇರಿಸುತ್ತದೆ. ಆಮೇಲೆ ಅದರದು ಯಾವುದು, ನನ್ನದು ಯಾವುದು ತಿಳಿಯುವುದಿಲ್ಲ.

412 ಸೀರೆಗೆ 1236 ಫೋಟೋ ಇರಬೇಕಿತ್ತು. ಬಂದದ್ದು 1237. ಎಲ್ಲೋ ಒಂದು ಸೆರಗನ್ನು ಎರಡು ಸಲ ಹೊಡೆದಿದ್ದರು, ಅಲ್ಲಿಂದಾಚೆ ಪ್ರತಿ ಸೀರೆಗೂ ಪಕ್ಕದ ಸೀರೆಯ ಫೋಟೋ. ಒಂದೊಂದಾಗಿ ನೋಡುವ ಬದಲು ನಡುವಿಗೆ ಹೋದೆ: 206ನೆಯ ಸೀರೆಯ ಚೀಟಿ 616ನೆಯ ಫೋಟೋ ಆಗಿರಬೇಕು, ಇತ್ತು. ಹಾಗಾದರೆ ತಪ್ಪು ಮುಂದಿದೆ. 309ನೆಯದು 925ನೆಯ ಜಾಗದಲ್ಲಿರಬೇಕು, ಅಲ್ಲಿ ಚೀಟಿ ಬದಲು ಸೆರಗು. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಒಂಬತ್ತು ನೋಟದಲ್ಲಿ ಕಳ್ಳ ಸಿಕ್ಕಿತು. ಆದರೆ ಲೆಕ್ಕ ಸರಿಬಂದ ಮಾತ್ರಕ್ಕೆ ನಂಬುವಂತಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಆಗಿದ್ದರೂ ಮೊತ್ತ ಸರಿಯಾಗಿಯೇ ಇರುತ್ತದೆ. ಹೆಸರು ಬದಲಾದ ಮೇಲೆ x ಫೋಟೋಗಳನ್ನಷ್ಟೇ ಸಣ್ಣ ಚಿತ್ರಗಳಾಗಿ ಹರವಿ, ಚೀಟಿಯ ಸಂಖ್ಯೆಯೂ ಹೆಸರೂ ಒಂದೇ ಎಂದು ಖಚಿತಪಡಿಸಿಕೊಂಡ ನಂತರವೇ ಅವನ್ನು ಅಳಿಸಿದೆ.

ಉಳಿದ ಚಿತ್ರಗಳನ್ನು ಮೀಡಿಯಾ ಲೈಬ್ರರಿಗೆ ಏರಿಸಿದರೆ `Images` ಕಾಲಂನಲ್ಲಿ ಪೂರ್ತಿ ಕೊಂಡಿ ಬೇಕಿಲ್ಲ, `bg-0001a.jpg, bg-0001b.jpg` ಎಂದು ಹೆಸರು ಸಾಕು. ಐದು ಸಾಲುಗಳ ಪ್ರಯೋಗ ಮಾಡಿದೆ, `Published` ಕಾಲಂನಲ್ಲಿ -1 ಇಟ್ಟು, ಅಂದರೆ ಕರಡಾಗಿ. ಐದೂ ಬಿದ್ದವು: `Unable to use image`. ಹೆಸರು ಸರಿಯಿದೆ, ಚಿತ್ರ ಕಣ್ಣೆದುರೇ ಇದೆ. ಚಿತ್ರದ ವಿವರದಲ್ಲಿ ಕಡತದ ಹೆಸರು ನೋಡಿದಾಗ ಗೊತ್ತಾಯಿತು: `bg-0001a-scaled.jpg`. ಅಗಲ ಅಥವಾ ಎತ್ತರ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ವರ್ಡ್‌ಪ್ರೆಸ್ ಚಿಕ್ಕದು ಮಾಡಿ ಆ ಬಾಲ ಅಂಟಿಸುತ್ತದೆ. ಎಲ್ಲವನ್ನೂ ಅಳಿಸಿ, ಉದ್ದನೆಯ ಬದಿ 1600ಕ್ಕೆ ಬರುವಂತೆ ಕುಗ್ಗಿಸಿ ಮತ್ತೆ ಏರಿಸಿದೆ.

ಈ ಸಲ ಪೂರ್ತಿ ಸಿಎಸ್‌ವಿ ಏರಿಸಿದೆ: 409 ಹೋದವು, 3 ಬಿದ್ದವು. ಆ ಮೂರರ ಫೋಟೋಗಳು ಕುಗ್ಗಿಸುವಾಗ ತಪ್ಪಿಹೋಗಿದ್ದವು. ಅವನ್ನು ಸರಿಪಡಿಸಿ ಅದೇ ಕಡತವನ್ನು ಮತ್ತೆ ಏರಿಸಿದೆ. ಹಾಗೆ ಮಾಡುವಾಗ ಹಳೆಯ ಸರಕನ್ನು ತಿದ್ದುವ ಆಯ್ಕೆಗೆ ಗುರುತು ಹಾಕಬಾರದು, ಹಾಕಿದರೆ ಹೊಸವು ಸೇರುವುದಿಲ್ಲ. ಹಾಕದಿದ್ದರೆ ಈಗಾಗಲೇ ಇರುವ `SKU`ಗಳನ್ನು ಬಿಟ್ಟು ಆ ಮೂರನ್ನಷ್ಟೇ ಸೇರಿಸುತ್ತದೆ. ಕರಡನ್ನು ಪ್ರಕಟಿಸಲು -1 ಅನ್ನು 1 ಮಾಡಿ ಏರಿಸುವಾಗ ಮಾತ್ರ ಗುರುತು ಬೇಕು.

ಚೀಟಿಗಳನ್ನು ಎಸೆಯಬೇಡಿ ಎಂದು ಕಾಕಾಗೆ ಹೇಳಿದ್ದೆ. ಈಗ ಅವು ಸೀರೆಗಳ ಮಡಿಕೆಯಲ್ಲೇ ಇವೆ. ಆರ್ಡರ್ ಬಂದಾಗ ಅವರು ಹೆಸರು ಓದುವುದಿಲ್ಲ, "ಇನ್ನೂರಾ ಹತ್ತು ತೆಗೆ" ಎಂದು ಒಳಗಿನ ಹುಡುಗನಿಗೆ ಕೂಗುತ್ತಾರೆ.