‘ಬಾ’ ಎನ್ನುವುದಕ್ಕಿಂತ ಮೊದಲು ‘ಬರ್ರಿ’: ಬೆಳಗಾವಿಯ ಆಸ್ಪತ್ರೆಯಲ್ಲಿ ವಿಧ್ಯರ್ಥ ಕಲಿಸಿದ ಅನುಭವ

ಹೊರರಾಜ್ಯಗಳಿಂದ ಬೆಳಗಾವಿಗೆ ಬಂದ ಕಿರಿಯ ವೈದ್ಯರಿಗೂ ದಾದಿಯರಿಗೂ ಆಡುಮಾತಿನ ಕನ್ನಡ ಕಲಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅವರಿಗೆ ಮೊದಲು ಬೇಕಾಗುವುದು ಆಜ್ಞೆಯ ರೂಪಗಳೇ. ಬರಬೇಕು, ಕೂಡಬೇಕು, ಬಾಯಿ ತೆಗೆಯಬೇಕು, ಉಸಿರು ಎಳೆದುಕೊಳ್ಳಬೇಕು ಎಂದು ದಿನವಿಡೀ ಹೇಳುವವರಿಗೆ ಕಥೆ ಹೇಳುವ ಕನ್ನಡಕ್ಕಿಂತ ವಿಧ್ಯರ್ಥವೇ ಮುಖ್ಯ.

ವ್ಯಾಕರಣ ಪುಸ್ತಕಗಳು ಸಾಮಾನ್ಯವಾಗಿ ಏಕವಚನದಿಂದ ಆರಂಭಿಸುತ್ತವೆ: ಬಾ, ತಾ, ಹೋಗು, ಹೇಳು. ನಾನು ಆ ಕ್ರಮವನ್ನು ತಿರುಗಿಸಿ ಬಹುವಚನದ ‘-ರಿ’ ರೂಪವನ್ನೇ ಮೊದಲು ಕಲಿಸುತ್ತೇನೆ. ಇದಕ್ಕೆ ಮರ್ಯಾದೆಯೊಂದೇ ಕಾರಣವಲ್ಲ, ನಮ್ಮ ಭಾಗದ ಮಾತಿನಲ್ಲಿ ಗೌರವದ ರೂಪವೇ ಹೆಚ್ಚು ನಿಯಮಬದ್ಧವಾಗಿದೆ. ಉಕಾರದಿಂದ ಕೊನೆಯಾಗುವ ಧಾತುವಿನ ಉಕಾರ ಬಿಟ್ಟು ‘ರಿ’ ಹಚ್ಚಿದರೆ ಹೇಳ್ರಿ, ಕೊಡ್ರಿ, ಬಿಡ್ರಿ, ಏಳ್ರಿ ಎಂದಾಗುತ್ತದೆ. ಕುಡಿ, ತೆಗೆ, ನಡೆ ಎಂಬಂಥವುಗಳ ಕೊನೆಯ ಸ್ವರ ‘ಈ’ ಆಗಿ ಕುಡೀರಿ, ತೆಗೀರಿ, ನಡೀರಿ ಎಂದಾಗುತ್ತದೆ. ‘-ಕೊಳ್ಳು’ ಸೇರಿದ ಕ್ರಿಯಾಪದಗಳು ಮಲಕೋರಿ, ಹಿಡಕೋರಿ, ತೊಗೋರಿ ಎಂದು ನಿಲ್ಲುತ್ತವೆ. ಬರು, ತರು ಎಂಬ ಧಾತುಗಳೂ ಮೊದಲ ನಿಯಮವನ್ನೇ ಅನುಸರಿಸಿ ಬರ್ರಿ, ತರ್ರಿ ಎಂದಾಗುತ್ತವೆ. ಏಕವಚನಕ್ಕೆ ಹೋದಾಗ ಮಾತ್ರ ಬಾ, ತಾ ಎಂದು ರೂಪ ಕೆಡುತ್ತದೆ. ಗ್ರಾಂಥಿಕ ಕನ್ನಡದ ‘ಬನ್ನಿ’, ‘ತನ್ನಿ’ಗಳಲ್ಲಿ ಗೌರವದ ರೂಪವೂ ನಿಯಮ ತಪ್ಪುವುದರಿಂದ ಬೆಂಗಳೂರಿನ ಕಡೆಯ ಪಾಠಪುಸ್ತಕ ಹಿಡಿದು ಬಂದವರಿಗೆ ಈ ಅನುಕೂಲ ಸಿಗುವುದಿಲ್ಲ. ಬ್ಯಾಡ ಎನ್ನುವಾಗಲೂ ಹಾಗೆಯೇ: ಬರಬ್ಯಾಡ್ರಿ, ಕುಡೀಬ್ಯಾಡ್ರಿ ಎಂದು ಕೊನೆಗೆ ‘ರಿ’ ಸೇರಿದರೆ ಗೌರವ, ಅದನ್ನು ತೆಗೆದರೆ ಸಲಿಗೆ.

ಆದ್ದರಿಂದ ಆರಂಭದ ವಾರಗಳಲ್ಲಿ ಹಸುಗೂಸಿನಿಂದ ಹಿಡಿದು ಅಜ್ಜನವರೆಗೆ ಎಲ್ಲರಿಗೂ ‘ರಿ’ ಎನ್ನಿರಿ ಎಂದು ಹೇಳಿಬಿಡುತ್ತೇನೆ. ಮಗುವಿಗೆ ‘ಬರ್ರಿ’ ಎಂದರೆ ಜನ ನಗುತ್ತಾರೆ, ಅಷ್ಟೇ. ಮುದುಕರಿಗೆ ‘ಬಾ’ ಎಂದರೆ ನಗುವುದಿಲ್ಲ.

ತೊಡಕು ಬರುವುದು ಕಲಿಯುವವರು ಸುತ್ತಲಿನ ಮಾತನ್ನು ಕೇಳತೊಡಗಿದ ಮೇಲೆ. ಇಲ್ಲಿಯವಳೇ ಆದ ದಾದಿಯೊಬ್ಬಳು ಎಪ್ಪತ್ತು ದಾಟಿದ ಹೆಣ್ಣುಮಗಳಿಗೆ ‘ಯವ್ವಾ, ಇಲ್ಲಿ ಬಾ, ಹಿಂಗ ಕೂಡು’ ಎನ್ನುತ್ತಾಳೆ, ಆ ಹೆಣ್ಣುಮಗಳು ಸಂತೋಷದಿಂದಲೇ ಬಂದು ಕೂಡುತ್ತಾಳೆ. ಇದನ್ನು ಕೇಳಿದ ಹೊರಗಿನವರು ಹಿರಿಯರಿಗೂ ‘ಬಾ’ ನಡೆಯುತ್ತದೆ ಎಂದು ತಿಳಿಯುತ್ತಾರೆ. ನಡೆಯುವುದು ನಿಜ, ಆದರೆ ಅದನ್ನು ನಡೆಸುತ್ತಿರುವುದು ‘ಯವ್ವಾ’ ಎಂಬ ಕರೆ. ನಮ್ಮ ಮನೆಗಳಲ್ಲಿ ಅವ್ವನನ್ನೂ ಅಮ್ಮನನ್ನೂ ಏಕವಚನದಲ್ಲಿ ಮಾತನಾಡಿಸುವ ರೂಢಿ ಇದೆ. ‘ಯವ್ವಾ’ ಎಂದ ಕೂಡಲೇ ದಾದಿ ಆ ಮನೆಯ ಮಗಳ ಸ್ಥಾನದಲ್ಲಿ ನಿಲ್ಲುತ್ತಾಳೆ, ಏಕವಚನ ಆ ಸ್ಥಾನದಿಂದ ಬರುತ್ತದೆ. ಅದೇ ‘ಇಲ್ಲಿ ಬಾ’ ಎಂಬುದನ್ನು ‘ಯವ್ವಾ’ ಇಲ್ಲದೆ, ಹೆಸರು ಕೂಗಿದ ಬೆನ್ನಿಗೇ ಹೇಳಿದರೆ ಅದು ಗದರಿಕೆಯಾಗುತ್ತದೆ. ಮರಾಠಿ ಮನೆಮಾತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಅಲ್ಲಿಯೂ ‘ಯೇ’ ಮತ್ತು ‘ಯಾ’ ಎಂಬ ಎರಡೇ ಮೆಟ್ಟಿಲುಗಳು ಪ್ರಧಾನವಾಗಿದ್ದು, ತಾಯಿಗೆ ‘ಯೇ’ ಎನ್ನುವುದು ಸಹಜ. ಹಿಂದಿಯಿಂದ ಬಂದವರಿಗೆ ಕಷ್ಟ. ಅವರ ‘ಆ’, ‘ಆಓ’, ‘ಆಯಿಯೇ’ ಎಂಬ ಮೂರರ ನಡುವಿನ ಮೆಟ್ಟಿಲಿಗೆ ನಮ್ಮಲ್ಲಿ ಬೇರೆ ರೂಪವೇ ಇಲ್ಲ. ‘ಆಓ’ ಎನ್ನುವ ಕಡೆಯಲ್ಲೆಲ್ಲ ಅವರು ‘ಬಾ’ ಇಡುತ್ತಾರೆ, ಸಮವಯಸ್ಕ ಸಹೋದ್ಯೋಗಿಗಳ ಜೊತೆ ಎಡವುವುದು ಅಲ್ಲಿಯೇ. ಅಂಥವರಿಗೆ ನಾನು ಹೇಳುವ ನಿಯಮ ಸರಳವಾಗಿದೆ: ಸಮಾನರಲ್ಲಿ ‘ರಿ’ಯಿಂದಲೇ ಆರಂಭಿಸಬೇಕು, ಅವರು ತಾವಾಗಿ ‘ನೀ’ ಎಂದ ಮೇಲೆ ನಾವೂ ‘ಬಾ’ ಎನ್ನಬಹುದು. ಹುದ್ದೆಯಲ್ಲಿ ಕೆಳಗಿದ್ದು ವಯಸ್ಸಿನಲ್ಲಿ ಹಿರಿಯರಾದ ವಾರ್ಡಿನ ಸಿಬ್ಬಂದಿಗೆ ಕೊನೆಯವರೆಗೂ ‘ರಿ’. ‘ಬಾರಲೇ’ ಎಂಬುದನ್ನು ಚಹಾದಂಗಡಿಯಲ್ಲಿ ಎಲ್ಲರೂ ಬಲು ಬೇಗ ಕಲಿತು ಬರುತ್ತಾರೆ. ಅದು ಜೀವದ ಗೆಳೆಯರ ನಡುವಿನ ಮಾತು, ಉಳಿದ ಕಡೆ ಜಗಳಕ್ಕೆ ದಾರಿ.

ಅಭ್ಯಾಸಕ್ಕಾಗಿ ನಾನು ಹೆಚ್ಚು ಬಳಸುವ ಸನ್ನಿವೇಶವೆಂದರೆ ಕೆಮ್ಮಿನ ಅಜ್ಜ ಮತ್ತು ಜೊತೆಗೆ ಬಂದ ಹತ್ತು ವರ್ಷದ ಮೊಮ್ಮಗ. ‘ಅಜ್ಜಾರ, ಈ ಕಡೆ ಬರ್ರಿ. ಇಲ್ಲಿ ಕೂಡ್ರಿ. ಅಂಗಿ ಗುಂಡಿ ಬಿಚ್ರಿ. ಉಸಿರು ಜೋರಾಗಿ ಎಳಕೋರಿ, ಈಗ ಬಿಡ್ರಿ.’ ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ‘ತಮ್ಮಾ, ನೀ ಇಲ್ಲಿ ಬಾ, ಅಜ್ಜಾರ ಕೈ ಹಿಡಕೋ’ ಎಂದು ಹುಡುಗನ ಕಡೆ ತಿರುಗಿ, ಕೂಡಲೇ ಮತ್ತೆ ಅಜ್ಜನಿಗೆ ‘ಏಳ್ರಿ’ ಎನ್ನಬೇಕಾದಾಗ ಹೆಚ್ಚಿನವರು ‘ಏಳು’ ಎಂದುಬಿಡುತ್ತಾರೆ, ಏಕೆಂದರೆ ನಾಲಿಗೆ ಕೊನೆಗೆ ಆಡಿದ ರೂಪವನ್ನೇ ಹಿಡಿದಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಆಳು ಬದಲಾದಾಗಲೆಲ್ಲ ಕ್ರಿಯಾಪದಕ್ಕಿಂತ ಮೊದಲು ಕರೆಯ ಪದವನ್ನು ಮತ್ತೊಮ್ಮೆ ಆಡಿಸುವುದು. ‘ಅಜ್ಜಾರ’ ಎಂದ ಬಾಯಲ್ಲಿ ‘ಏಳು’ ಹೊರಡುವುದು ಕಷ್ಟ. ಕರೆಯ ಪದದಲ್ಲಿಯೇ ಗೌರವದ ‘ಆರ’ ಇರುವುದರಿಂದ ಕ್ರಿಯಾಪದವೂ ಅದರ ಹಿಂದೆ ಬರುತ್ತದೆ: ಸಾಹೇಬ್ರ, ಅಕ್ಕಾರ, ಮಾಸ್ತರ್ರ, ಗೌಡ್ರ ಎಲ್ಲಕ್ಕೂ ‘ರಿ’, ತಮ್ಮಾ, ತಂಗಿ ಎಂದರೆ ‘ಬಾ’, ಪ್ರೀತಿ ಬೆರೆತರೆ ‘ಬಾರಪಾ’, ‘ಬಾರವಾ’.

ಕಲಿತದ್ದು ಗಟ್ಟಿಯಾಗಿಲ್ಲ ಎಂಬುದು ಸರ್ವನಾಮದಲ್ಲಿ ಗೊತ್ತಾಗುತ್ತದೆ. ‘ನಿನ್ನ ಹೆಸರು ಹೇಳ್ರಿ’, ‘ನೀ ಇಲ್ಲಿ ಬರ್ರಿ’ ಎಂಬ ಅರೆಬರೆ ವಾಕ್ಯಗಳು ಕೇಳಿಬಂದರೆ ಆ ವ್ಯಕ್ತಿ ‘ರಿ’ಯನ್ನು ಬಾಲದಂತೆ ಅಂಟಿಸುತ್ತಿದ್ದಾನೆಯೇ ಹೊರತು ಎದುರಿಗಿರುವವರನ್ನು ‘ನೀವು’ ಎಂದು ನೋಡುತ್ತಿಲ್ಲ ಎಂದು ತಿಳಿಯುತ್ತೇನೆ. ಹೌದ್ರಿ, ಇಲ್ರಿ, ಯಾಕ್ರಿ ಎಂದು ಎಲ್ಲ ಮಾತಿಗೂ ಗೌರವದ ‘ರಿ’ ಹಚ್ಚುವ ನಮ್ಮ ರೂಢಿಯೇ ಈ ಗೊಂದಲಕ್ಕೆ ಕಾರಣ. ಆಗ ‘ನೀವು, ನಿಮ್ಮ, ನಿಮಗ’ ಸೇರಿಸಿಯೇ ವಾಕ್ಯ ಹೇಳಿಸುತ್ತೇನೆ.

ರೂಪ ಸರಿಯಿದ್ದೂ ಮಾತು ಒರಟಾಗುವುದುಂಟು. ‘ಬರ್ರಿ ಬರ್ರಿ’ ಎಂದು ಎರಡು ಸಲ ಹೇಳಿದರೆ ಸ್ವಾಗತ, ಆದರೆ ‘ಏಳ್ರಿ ಏಳ್ರಿ’, ‘ನಡೀರಿ ನಡೀರಿ’ ಎಂದರೆ ಹೊರದಬ್ಬಿದ ಹಾಗೆ. ಆದ್ದರಿಂದ ಎಬ್ಬಿಸುವ ಮಾತನ್ನು ಒಂದೇ ಸಲ, ‘ಸ್ವಲ್ಪ’ ಸೇರಿಸಿ ಹೇಳಬೇಕು: ‘ಸ್ವಲ್ಪ ಏಳ್ರಿ’. ‘ದಯವಿಟ್ಟು’ ಎಂಬುದು ಫಲಕದ ಮೇಲಿನ ಮಾತು, ಬಾಯಲ್ಲಿ ಬಂದರೆ ಪ್ರಕಟಣೆ ಓದಿದ ಹಾಗೆ ಕೇಳುತ್ತದೆ. ತಪಾಸಣೆ ಮುಗಿದ ಮೇಲೆ ಬರೀ ‘ಹೋಗ್ರಿ’ ಎನ್ನುವುದನ್ನು ನಾನು ಬಿಡಿಸಿ ‘ಹೋಗಿ ಬರ್ರಿ’ ಎಂದು ಹೇಳಿಸುತ್ತೇನೆ. ಆಸ್ಪತ್ರೆಯಲ್ಲಿ ಮರಳಿ ಬರಲು ಹೇಳುವುದು ಅಪಶಕುನವಲ್ಲವೇ ಎಂದು ಕೆಲವರು ಅನುಮಾನಿಸುತ್ತಾರೆ, ಆದರೆ ನಮ್ಮವರು ‘ಹೋಗಿ ಬರ್ರಿ’ ಎಂಬುದನ್ನು ಬೀಳ್ಕೊಡುಗೆಯೆಂದೇ ಕೇಳುತ್ತಾರೆ, ‘ಬರ್ತೇನ್ರಿ’ ಎಂದು ಉತ್ತರ ಕೊಟ್ಟೇ ಹೊರಡುತ್ತಾರೆ.