ದೂರದ ಮ್ಯಾನೇಜರ್‌ಗೆ ವಾರದ ವರದಿ: ಮರುಪ್ರಶ್ನೆ ಬರದಂತೆ ಬರೆಯುವುದು ಹೇಗೆ?

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಮನೆಯಿಂದ ಕೆಲಸ, ಮ್ಯಾನೇಜರ್ ಇರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಈ ಜೋಡಣೆಯಲ್ಲಿ ವಾರದ ವರದಿ ಹೇಗಿರಬೇಕು ಎಂಬುದನ್ನು ಮೊದಲು ನಿರ್ಧರಿಸುವುದು ಗಡಿಯಾರ. ಬೇಸಿಗೆಯಲ್ಲಿ ಸಿಯಾಟಲ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಈ ಅಂತರ ಹದಿಮೂರೂವರೆ ಗಂಟೆ.

ಬೇಸಿಗೆಯ ಒಂದು ಶುಕ್ರವಾರ ಸಂಜೆ 5ಕ್ಕೆ ನೀವು ವರದಿ ಕಳಿಸಿದಿರಿ ಎನ್ನಿ. ಅಲ್ಲಿ ಆಗಿನ್ನೂ ಶುಕ್ರವಾರ ಬೆಳಗಿನ ಜಾವ 4.30. ಮ್ಯಾನೇಜರ್ 9 ಗಂಟೆಗೆ ಇಮೇಲ್ ತೆರೆದು ಉತ್ತರಿಸಿದರೆ, ಸೋಮವಾರ ಬೆಳಿಗ್ಗೆ ನೀವು ಕೂರುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ. ಅವರು ಉತ್ತರದ ಬದಲು ಒಂದು ಪ್ರಶ್ನೆ ಕೇಳಿದರೆ ಲೆಕ್ಕವೇ ಬದಲಾಗುತ್ತದೆ. ಅದನ್ನು ನೀವು ನೋಡುವುದು ಸೋಮವಾರ ಬೆಳಿಗ್ಗೆ. ಆಗ ಅವರಿಗೆ ಭಾನುವಾರ ರಾತ್ರಿ. ನಿಮ್ಮ ಉತ್ತರವನ್ನು ಅವರು ಓದುವಾಗ ನಿಮಗೆ ಸೋಮವಾರ ರಾತ್ರಿ 9.30. ನಿರ್ಧಾರ ಕೈಗೆ ಸಿಗುವುದು ಮಂಗಳವಾರ. ಒಂದೇ ಒಂದು ಮರುಪ್ರಶ್ನೆಗೆ ಇಡೀ ಒಂದು ದಿನ ಹೋಯಿತು. ಹಾಗಾಗಿ ಮುಂದೆ ಹೇಳುವ ಪ್ರತಿ ಹೆಜ್ಜೆಯ ಗುರಿಯೂ ಒಂದೇ: ಒಮ್ಮೆ ಓದಿದವರು ಮತ್ತೇನನ್ನೂ ಕೇಳದೆ ನಿರ್ಧರಿಸುವಂತಿರಬೇಕು.

ಬರೆಯುವ ಮೊದಲು

ದಿನದ ಕೆಲಸ ಮುಗಿಸುವಾಗ ಒಂದು ಫೈಲ್‌ನಲ್ಲಿ ಎರಡು ಸಾಲು ಬರೆದಿಡಿ: ಏನು ಮುಗಿಯಿತು, ಏನು ಯಾವಾಗ ನಿಂತಿತು. ಶುಕ್ರವಾರ ನೆನಪಿನಿಂದ ಬರೆಯಹೊರಟರೆ ಗುರುವಾರದ ಕೆಲಸ ಮಾತ್ರ ದೊಡ್ಡದಾಗಿ ಕಾಣುತ್ತದೆ, ಸೋಮವಾರದ್ದು ಬಿಟ್ಟುಹೋಗುತ್ತದೆ. ಶುಕ್ರವಾರ ಮಧ್ಯಾಹ್ನ ಕಳೆದ ವಾರದ ವರದಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅಲ್ಲಿ ‘ಮುಂದಿನ ವಾರ’ ಎಂದು ಬರೆದ ಪ್ರತಿಯೊಂದಕ್ಕೂ ಈ ವಾರ ಉತ್ತರ ಇರಲೇಬೇಕು: ಮುಗಿದಿದೆ, ಅರ್ಧದಲ್ಲಿದೆ, ಅಥವಾ ಮುಟ್ಟಿಲ್ಲ. ಸದ್ದಿಲ್ಲದೆ ಮಾಯವಾದ ಕೆಲಸವನ್ನು ಮ್ಯಾನೇಜರ್ ಗಮನಿಸಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ.

ಮುಗಿದ ಕೆಲಸ

ಒಂದು ಉದಾಹರಣೆ ಹಿಡಿದು ನೋಡೋಣ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿರುವ 48,000 ಗ್ರಾಹಕರ ವಿಳಾಸಗಳನ್ನು ಹೊಸದಕ್ಕೆ ವರ್ಗಾಯಿಸುವುದು ಈ ವಾರದ ಕೆಲಸ. ಬಹಳಷ್ಟು ಜನ ಬರೆಯುವುದು ಹೀಗೆ: ‘ವಿಳಾಸ ವರ್ಗಾವಣೆ ಕೆಲಸ ಮಾಡಿದೆ, ಬಹುತೇಕ ಮುಗಿದಿದೆ.’ ಇದರಿಂದ ಏನೂ ತಿಳಿಯುವುದಿಲ್ಲ. ಬಹುತೇಕ ಎಂದರೆ ಎಷ್ಟು? ಸರಿಯಾಗಿ ಹೋಗಿದೆಯೆಂದು ನೋಡಿದ್ದು ಯಾರು? ಬದಲಿಗೆ ಹೀಗೆ ಬರೆಯಬಹುದು:

> 48,000 ವಿಳಾಸಗಳಲ್ಲಿ 31,000 ಪರಿಶೀಲಿಸಿದ್ದೇನೆ. 30,588 ಹೊಸ ಸಾಫ್ಟ್‌ವೇರ್‌ಗೆ ಹೋಗಿವೆ. ಎರಡೂ ಕಡೆಯ ಎಣಿಕೆ ತಾಳೆಯಾಗಿದೆ. ಪಿನ್‌ಕೋಡ್ ಖಾಲಿ ಇರುವ 412 ವಿಳಾಸಗಳನ್ನು ಪ್ರತ್ಯೇಕ ಇಟ್ಟಿದ್ದೇನೆ. 17,000 ಬಾಕಿ. ಈ ವಾರವೇ ಪೂರ್ತಿ ಮುಗಿಯಬೇಕಿತ್ತು, ಕಾರಣ ಕೆಳಗಿದೆ.

ಶೇಕಡಾವಾರು ಬರೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ‘ಶೇ 90 ಆಗಿದೆ’ ಎಂಬ ಮಾತು ಮೂರು ವಾರ ಹಾಗೇ ನಿಲ್ಲುವುದುಂಟು, ಏಕೆಂದರೆ ಕೊನೆಗೆ ಉಳಿಯುವುದು ಕಷ್ಟದ ಭಾಗ. ಎಣಿಸಬಹುದಾದದ್ದನ್ನು ಎಣಿಸಿ, ಎಣಿಸಲಾಗದಿದ್ದರೆ ಬಾಕಿ ಉಳಿದ ಹೆಜ್ಜೆಗಳನ್ನು ಹೆಸರಿಸಿ. ಹಾಜರಾದ ಮೀಟಿಂಗ್‌ಗಳು, ಉತ್ತರಿಸಿದ ಇಮೇಲ್‌ಗಳು ಇಲ್ಲಿಗೆ ಬೇಡ; ಮೀಟಿಂಗ್‌ನಲ್ಲಿ ಏನಾದರೂ ತೀರ್ಮಾನವಾಗಿದ್ದರೆ ಆ ತೀರ್ಮಾನ ಬರೆಯಿರಿ.

ಎಲ್ಲಿ ನಿಂತಿದೆ?

ವರದಿಯ ಜೀವ ಇರುವುದು ಇಲ್ಲಿ, ಜನ ಅವಸರದಲ್ಲಿ ಬರೆಯುವುದೂ ಇದನ್ನೇ. ‘ಸರ್ವರ್ ಅನುಮತಿಗಾಗಿ ಕಾಯುತ್ತಿದ್ದೇನೆ’ ಎಂಬ ಸಾಲನ್ನು ಓದಿದ ಮ್ಯಾನೇಜರ್, ಇದು ತನಗೆ ಬರೀ ತಿಳಿಸಿದ್ದೋ, ತಾನು ಏನಾದರೂ ಮಾಡಬೇಕೋ ಎಂದು ತಿಳಿಯದೆ ಮುಂದೆ ಹೋಗುತ್ತಾರೆ. ಯಾವುದು ನಿಂತಿದೆ, ಎಂದಿನಿಂದ, ನೀವು ಏನು ಮಾಡಿ ನೋಡಿದಿರಿ, ಯಾರು ಏನು ಮಾಡಿದರೆ ಬಿಡುಗಡೆಯಾಗುತ್ತದೆ, ತಡವಾದರೆ ಏನಾಗುತ್ತದೆ. ಇಷ್ಟೂ ಅಲ್ಲಿರಬೇಕು:

> ಹೊಸ ಸರ್ವರ್‌ಗೆ ಬರೆಯುವ ನನ್ನ ಅನುಮತಿಯ ಅವಧಿ ಬುಧವಾರ ಸಂಜೆ ಮುಗಿಯಿತು. ಆಗಲೇ ನವೀಕರಣಕ್ಕೆ ಕೋರಿಕೆ ಸಲ್ಲಿಸಿ ನಿಮಗೆ ಮೆಸೇಜ್ ಮಾಡಿದ್ದೆ. ನಿಮ್ಮ ಒಪ್ಪಿಗೆ ಬೇಕೆಂದು ಐಟಿ ತಂಡ ಗುರುವಾರ ತಿಳಿಸಿದೆ. ಕೋರಿಕೆಯ ಕೊಂಡಿ ಇಲ್ಲಿದೆ. ನಿಮ್ಮ ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿದರೆ ಉಳಿದ 17,000 ವಿಳಾಸ ಮಂಗಳವಾರ ಸಂಜೆಗೆ ಮುಗಿಯುತ್ತದೆ. ತಡವಾದಷ್ಟು ದಿನ ಅದೂ ಮುಂದೆ ಹೋಗುತ್ತದೆ.

ಇಲ್ಲಿ ಐಟಿ ತಂಡದ ಮೇಲೆ ದೂರಿಲ್ಲ, ದಿನಾಂಕಗಳಷ್ಟೇ ಇವೆ. ‘ಅವರು ಸ್ಪಂದಿಸುತ್ತಿಲ್ಲ’ ಎಂದು ಬರೆದರೆ, ಆ ಇಮೇಲ್ ಮುಂದೆ ಅದೇ ತಂಡಕ್ಕೆ ಹೋದಾಗ ಕೆಲಸ ಇನ್ನಷ್ಟು ಬಿಗಿಯುತ್ತದೆ. ಸಮಯವನ್ನು ‘ನಿಮ್ಮ ಶುಕ್ರವಾರ’ ಎಂದು ಓದುವವರ ಲೆಕ್ಕದಲ್ಲೇ ಕೊಟ್ಟಿರುವುದನ್ನೂ ಗಮನಿಸಿ. ‘ಇಒಡಿ’ ಎಂದು ಬರೆದು ಯಾರ ದಿನದ ಕೊನೆ ಎಂದು ಹೇಳದಿದ್ದರೆ ಅರ್ಧ ದಿನದ ಗೊಂದಲ ಖಚಿತ.

ಪ್ರತ್ಯೇಕ ಇಟ್ಟ ಆ 412 ವಿಳಾಸಗಳದ್ದು ಇನ್ನೊಂದು ಬಗೆ. ಅಲ್ಲಿ ಬೇಕಾದದ್ದು ಅನುಮತಿಯಲ್ಲ, ಆಯ್ಕೆ. ಆಗ ನಿಮ್ಮ ಸಲಹೆಯನ್ನೂ, ಉತ್ತರ ಬರದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಸೇರಿಸಿ: ‘ಪಿನ್‌ಕೋಡ್ ಇಲ್ಲದವನ್ನು ಗುರುತು ಹಾಕಿ ಸೇರಿಸುವುದು ನನ್ನ ಸಲಹೆ. ಬೇಡವೆಂದರೆ ಇಂದು ತಿಳಿಸಿ. ಇಲ್ಲವಾದರೆ ಸೋಮವಾರ ಸೇರಿಸುತ್ತೇನೆ, ನಂತರ ತೆಗೆಯಲು ಬರುತ್ತದೆ.’ ಈ ಉಪಾಯ ಹಿಂದಕ್ಕೆ ತಿರುಗಿಸಬಹುದಾದ, ನಿಮ್ಮ ಅಧಿಕಾರದೊಳಗಿನ ಕೆಲಸಗಳಿಗೆ ಮಾತ್ರ. ದತ್ತಾಂಶ ಅಳಿಸುವುದು, ಹಣ ಪಾವತಿ, ಗ್ರಾಹಕರಿಗೆ ಪತ್ರ ಇಂಥವಕ್ಕೆ ಮೌನವನ್ನು ಒಪ್ಪಿಗೆ ಎಂದುಕೊಳ್ಳಬಾರದು.

ಒಂದು ಎಚ್ಚರಿಕೆ: ಅರ್ಧ ದಿನಕ್ಕಿಂತ ಹೆಚ್ಚು ಕೆಲಸ ನಿಲ್ಲಿಸುವ ತೊಡಕನ್ನು ಶುಕ್ರವಾರದವರೆಗೆ ಇಟ್ಟುಕೊಳ್ಳಬೇಡಿ. ಅದೇ ದಿನ ಮೆಸೇಜ್ ಮಾಡಿ. ಉದಾಹರಣೆಯಲ್ಲೂ ಕೋರಿಕೆ, ಮೆಸೇಜ್ ಎರಡೂ ಬುಧವಾರವೇ ಹೋಗಿದ್ದವು. ವರದಿಯಲ್ಲಿ ಬಂದದ್ದು ಈಗಿನ ಸ್ಥಿತಿ.

ಮುಂದಿನ ವಾರ

ಮೂರಕ್ಕಿಂತ ಹೆಚ್ಚು ಬೇಡ, ಮಹತ್ವದ ಕ್ರಮದಲ್ಲಿರಲಿ. ಮೊದಲನೆಯದು ಉಳಿದ 17,000 ವಿಳಾಸ, ಮಂಗಳವಾರದೊಳಗೆ, ಅನುಮತಿ ಸಿಕ್ಕರೆ. ಎರಡನೆಯದು ಪೂರ್ತಿ ಎಣಿಕೆಯ ತಾಳೆ, ಬುಧವಾರ. ಮೂರನೆಯದು ಬಳಕೆದಾರರ ಕೈಪಿಡಿಯ ಮೊದಲ ಕರಡು. ಇದರ ಕೆಳಗೆ ಮುಂದಿನ ವಾರ ಮಾಡದ ಕೆಲಸವನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ: ‘ಮಾಸಿಕ ವರದಿಯ ವಿನ್ಯಾಸವನ್ನು ಮುಟ್ಟುವುದಿಲ್ಲ.’ ಅದೇ ಅವರಿಗೆ ತುರ್ತಾಗಿದ್ದರೆ ಈಗಲೇ ತಿಳಿಯುತ್ತದೆ, ಮುಂದಿನ ಶುಕ್ರವಾರ ಅಲ್ಲ. ರಜೆ, ಹಬ್ಬ ಇದ್ದರೆ ದಿನಾಂಕ ಸಹಿತ ಇಲ್ಲೇ ಬರಲಿ. ದೀಪಾವಳಿಗೆ ನಿಮಗೆ ಎಷ್ಟು ದಿನ ರಜೆ ಎಂದು ಅವರು ಊಹಿಸುವಂತಾಗಬಾರದು.

ಕಳಿಸುವಾಗ

ಎಲ್ಲ ಬರೆದ ಮೇಲೆ ಮೊದಲ ಸಾಲು ಬರೆಯಿರಿ. ಮೊಬೈಲ್‌ನಲ್ಲಿ ಇಮೇಲ್ ತೆರೆಯುವ ಮೊದಲೇ ಕಾಣುವುದು ಅದು: ‘ವರ್ಗಾವಣೆ ಎರಡು ದಿನ ತಡ. ನಿಮ್ಮಿಂದ ಒಂದು ಒಪ್ಪಿಗೆ ಇಂದೇ ಬೇಕು.’ ಸಬ್ಜೆಕ್ಟ್ ಸಾಲಿನಲ್ಲಿ ಯೋಜನೆಯ ಹೆಸರು, ವಾರದ ದಿನಾಂಕ ಪ್ರತಿವಾರವೂ ಒಂದೇ ರೀತಿ ಇದ್ದರೆ ತಿಂಗಳುಗಳ ನಂತರವೂ ಹುಡುಕಿದಾಗ ಸಿಗುತ್ತದೆ. ಕೊಂಡಿಗಳು ಮ್ಯಾನೇಜರ್‌ಗೆ ತೆರೆಯುತ್ತವೆಯೇ ಎಂದು ಕಳಿಸುವ ಮುನ್ನ ನೋಡಿ. ನಿಮಗೆ ಮಾತ್ರ ತೆರೆಯುವ ಫೈಲ್‌ನಿಂದ ಬರುವ ‘ಅನುಮತಿ ಕೊಡಿ’ ಎಂಬ ಇಮೇಲ್ ಕೂಡ ಒಂದು ಮರುಪ್ರಶ್ನೆಯೇ. ಒಟ್ಟು ವರದಿ ಒಂದು ಪುಟ ದಾಟಿದರೆ ಮುಗಿದ ಕೆಲಸದ ಭಾಗವನ್ನು ಕತ್ತರಿಸಿ, ನಿಂತ ಕೆಲಸದ ಭಾಗವನ್ನಲ್ಲ.